ಚಾರ್ಜ್ ಆಗುತ್ತದೆ, ಫೈಲ್ ಮಾತ್ರ ಬರುವುದಿಲ್ಲ

ಕಾರವಾರದ ಕೋಡಿಬಾಗದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆಯ ವಿಡಿಯೊಗಳಷ್ಟೇ ಅಲ್ಲ, ಜನರ ಮೊಬೈಲಿನಲ್ಲಿ ತುಂಬಿಹೋದ ಫೋಟೊಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ಬೈತಖೋಲದ ಮೀನುಗಾರರೊಬ್ಬರು ಬಂದರು. ತಂಗಿಯ ಮದುವೆಯ ವಿಡಿಯೊ, ಸುಮಾರು 36 ಜಿಬಿ, ಫೋನಿನಲ್ಲೇ ಉಳಿದಿತ್ತು. "ಕೇಬಲ್ ನಾನೇ ತಂದಿದ್ದೇನೆ ಸರ್, ಚಾರ್ಜ್ ಚೆನ್ನಾಗಿ ಆಗುತ್ತದೆ" ಎಂದರು.

ಆ ಕೇಬಲನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಬ್ಯಾಟರಿಯ ಗುರುತಿನಲ್ಲಿ ಮಿಂಚು ಮೂಡಿತು. ಲ್ಯಾಪ್‌ಟಾಪ್ ಮಾತ್ರ ಸದ್ದು ಮಾಡಲಿಲ್ಲ. ನಾನು ಆಗ ನೋಡುವುದು ಫೋನಿನ ಮೇಲಿನ ಸೂಚನೆಗಳ ಪಟ್ಟಿಯನ್ನು. ಡೇಟಾದ ದಾರಿ ಸರಿಯಿದ್ದರೆ ಆಂಡ್ರಾಯ್ಡ್ ಫೋನ್ ಅಲ್ಲಿ ಯುಎಸ್‌ಬಿಯ ಸೂಚನೆ ತೋರಿಸುತ್ತದೆ. ಅದನ್ನು ಒತ್ತಿ `File transfer` ಆರಿಸಬೇಕು, ಏಕೆಂದರೆ ಫೋನ್ ತಾನಾಗಿ ಚಾರ್ಜ್ ಮಾಡಿಕೊಳ್ಳುವುದಷ್ಟಕ್ಕೇ ನಿಲ್ಲುತ್ತದೆ. ಇಲ್ಲಿ ಸೂಚನೆಯೇ ಇರಲಿಲ್ಲ. ಅಂದರೆ ತಪ್ಪು ಸೆಟ್ಟಿಂಗಿನದ್ದಲ್ಲ, ದಾರಿಯಲ್ಲೇ ಏನೋ ತುಂಡಾಗಿದೆ.

ಕೇಬಲ್ ಎಲ್ಲಿಯದು ಎಂದು ಕೇಳಿದೆ. ಚಾರ್ಜ್ ಮಾಡುವ ಟಾರ್ಚ್ ಜೊತೆ ಬಂದದ್ದಂತೆ. ಟಾರ್ಚಿಗೆ ಬೇಕಾದುದು ವಿದ್ಯುತ್ ಮಾತ್ರ. ಸಾಮಾನ್ಯ ಯುಎಸ್‌ಬಿ 2.0 ಕೇಬಲಿನಲ್ಲಿ ನಾಲ್ಕು ತಂತಿಗಳಿರುತ್ತವೆ. ಕೆಂಪು ಮತ್ತು ಕಪ್ಪು 5 ವೋಲ್ಟ್ ಸಾಗಿಸುತ್ತವೆ, ಬಿಳಿ ಮತ್ತು ಹಸಿರು ಡೇಟಾ ಸಾಗಿಸುತ್ತವೆ. ಹಣ ಉಳಿಸಲು ಕೆಲವು ತಯಾರಕರು ಕೊನೆಯ ಎರಡನ್ನು ಬಿಟ್ಟುಬಿಡುತ್ತಾರೆ. ಮೀನುಗಾರರ ಒಪ್ಪಿಗೆ ಪಡೆದು ಆ ಕೇಬಲನ್ನು ಕತ್ತರಿಸಿ ತೋರಿಸಿದೆ: ಒಳಗೆ ಕೆಂಪು, ಕಪ್ಪು ಎರಡೇ. ಲ್ಯಾಪ್‌ಟಾಪಿಗೆ ಹಾಕುವ ಪ್ಲಗ್ಗಿನಲ್ಲಿ ನಾಲ್ಕು ಹಿತ್ತಾಳೆ ಪಟ್ಟಿಗಳಿದ್ದರೂ ನಡುವಿನ ಎರಡಕ್ಕೆ ಏನೂ ಜೋಡಿಸಿರಲಿಲ್ಲ. ಆದ್ದರಿಂದ ಹೊರಗಿನಿಂದ ನೋಡಿ ಹೇಳಲಾಗದು. ದಪ್ಪ ಕೇಬಲಿನಲ್ಲೂ ಎರಡೇ ತಂತಿ ಇರಬಹುದು.

ಈಗ ನನ್ನದೇ ಒಳ್ಳೆಯ ಕೇಬಲ್ ಸಿಕ್ಕಿಸಿದೆ. ದಿನವೂ ಬಳಸುವ ಕೇಬಲ್ ಅದು. ಆದರೂ ಚಾರ್ಜ್ ಮಾತ್ರ! ಇಲ್ಲಿಗೇ ಬಿಟ್ಟು "ಫೋನ್ ಹಾಳಾಗಿದೆ" ಎಂದುಬಿಡುವವರು ಹಲವರಿದ್ದಾರೆ. ಹಾಗೆ ಹೇಳುವ ಮೊದಲು ಟೈಪ್-ಸಿ ಪ್ಲಗ್ಗನ್ನು ತಿರುಗಿಸಿ ಹಾಕಬೇಕು. ತಿರುಗಿಸಿದ ತಕ್ಷಣ ಸೂಚನೆ ಬಂತು, ಲ್ಯಾಪ್‌ಟಾಪ್ ಫೋನನ್ನು ಗುರುತಿಸಿತು.

ಇದಕ್ಕೆ ಕಾರಣವಿದೆ. ಫೋನಿನ ಟೈಪ್-ಸಿ ಪೋರ್ಟಿನಲ್ಲಿ 24 ಸಂಪರ್ಕಗಳಿವೆ. ವಿದ್ಯುತ್ತಿಗೆ ನಾಲ್ಕು, ಅದು ಮರಳಲು ಇನ್ನೂ ನಾಲ್ಕು. ಒಂದು ಕೆಟ್ಟರೂ ಉಳಿದವು ಚಾರ್ಜ್ ನಡೆಸುತ್ತವೆ. ಯುಎಸ್‌ಬಿ 2.0 ಡೇಟಾಗೆ ಪೋರ್ಟಿನ ಎರಡೂ ಬದಿಯಲ್ಲಿ ಒಂದೊಂದು ಜೋಡಿ ಇದ್ದರೂ, ಪ್ಲಗ್ಗಿನಲ್ಲಿರುವುದು ಒಂದೇ ಜೋಡಿ. ಹಾಕಿದ ದಿಕ್ಕಿನ ಪ್ರಕಾರ ಅದು ಪೋರ್ಟಿನ ಒಂದು ಬದಿಯನ್ನು ಮಾತ್ರ ಮುಟ್ಟುತ್ತದೆ. ಆ ಬದಿಯಲ್ಲಿ ಕೊಳೆ ಕುಳಿತಿದ್ದರೆ ಡೇಟಾ ನಿಲ್ಲುತ್ತದೆ. ದೋಣಿಯಲ್ಲಿ ಕೆಲಸ ಮಾಡುವವರ ಫೋನಿಗೆ ಉಪ್ಪು ನೀರಿನ ಹನಿ ತಾಗದೆ ಇರುತ್ತದೆಯೇ? ಟಾರ್ಚ್ ಬೆಳಕಿನಲ್ಲಿ ನೋಡಿದಾಗ ಒಳಗೆ ಹಸಿರು ಛಾಯೆ ಕಂಡಿತು.

ಫೋನನ್ನು ಸ್ವಿಚ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯ ತುದಿಗೆ ಹತ್ತಿ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಸ್ವಲ್ಪವೇ ತೇವಮಾಡಿ ಒರೆಸಿದೆ. ಪೂರ್ತಿ ಒಣಗಿದ ಮೇಲೆ ಎರಡೂ ದಿಕ್ಕಿನಲ್ಲಿ ಡೇಟಾ ಬಂತು. ಸಂಪರ್ಕದ ಲೋಹವೇ ತಿಂದುಹೋಗಿದ್ದರೆ ಇಷ್ಟಕ್ಕೆ ಸರಿಯಾಗದು, ಪೋರ್ಟನ್ನೇ ಬದಲಿಸಬೇಕಾಗುತ್ತದೆ. ಸೂಜಿಯಿಂದ ಕೆರೆಯಬಾರದು.

36 ಜಿಬಿ ಇಳಿಯಲು ಸುಮಾರು 17 ನಿಮಿಷ ಹಿಡಿಯಿತು. ಯುಎಸ್‌ಬಿ 2.0ರ ಲೆಕ್ಕದ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು 30ರಿಂದ 40. ಅವರ ಫೋನಿನ ಪೋರ್ಟ್ ಟೈಪ್-ಸಿ ಆಕಾರದ್ದಾದರೂ ಒಳಗಿರುವುದು 2.0. ಪ್ರಯೋಗಕ್ಕೆಂದು ನನ್ನ ದುಬಾರಿ 3.0 ಕೇಬಲ್ ಹಾಕಿ ಒಂದು ವಿಡಿಯೊ ಕಳುಹಿಸಿದೆ, ವೇಗ ಒಂದಿಷ್ಟೂ ಏರಲಿಲ್ಲ. ಫೋನು, ಕೇಬಲ್, ಲ್ಯಾಪ್‌ಟಾಪ್ ಈ ಮೂರರಲ್ಲಿ ನಿಧಾನವಾದದ್ದೇ ವೇಗವನ್ನು ನಿಗದಿ ಮಾಡುತ್ತದೆ.

ಹೊರಡುವಾಗ ಅವರು, "ಮನೆಯಲ್ಲಿ ಚಾರ್ಜರಿನ ಅಡಾಪ್ಟರ್ ಇದೆ, ಅದರಿಂದ ಪೆನ್‌ಡ್ರೈವಿಗೆ ಹಾಕಬಹುದೇ?" ಎಂದರು. ಆಗದು, ಅಣ್ಣ, ಗೋಡೆಗೆ ಚುಚ್ಚುವ ಅಡಾಪ್ಟರಿನಲ್ಲಿ ಫೈಲ್ ಓದುವ ಸಾಧನವೇ ಇಲ್ಲ ಎಂದೆ. ಅವರಿಗೆ ಬೇಕಾದುದು ಪೆನ್‌ಡ್ರೈವನ್ನು ನೇರವಾಗಿ ಫೋನಿಗೆ ಜೋಡಿಸುವ ಓಟಿಜಿ ಅಡಾಪ್ಟರ್. ಅದರಲ್ಲಿರುವ ಒಂದು ಸಣ್ಣ ರೆಸಿಸ್ಟರ್, ಫೋನಿಗೆ "ಈಗ ನೀನೇ ವಿದ್ಯುತ್ ಕೊಡು, ನೀನೇ ಯಜಮಾನ" ಎಂದು ತಿಳಿಸುತ್ತದೆ. ಫೋನ್ ಓಟಿಜಿಯನ್ನು ಒಪ್ಪುವಂಥದ್ದಾದರೆ ಆಗ ಪೆನ್‌ಡ್ರೈವ್ ತೆರೆದುಕೊಳ್ಳುತ್ತದೆ. ನನ್ನದನ್ನು ಸಿಕ್ಕಿಸಿ ತೋರಿಸಿದೆ. ಪೆನ್‌ಡ್ರೈವಿನ ದೀಪ ಮಿನುಗಿದ್ದನ್ನು ನೋಡಿ, ಅಂಥದೇ ಒಂದನ್ನು ಕೊಳ್ಳಲು ಅವರು ಪೇಟೆಯ ಕಡೆ ಹೊರಟರು.