ಕ್ರಾಸ್ ಗುಣಲಬ್ಧದ ನಡುವಿನ ಚಿಹ್ನೆಯನ್ನು ತಪ್ಪದಂತೆ ಬರೆಯುವುದು ಹೇಗೆ?

ಡೊಂಬಿವಲಿಯಲ್ಲಿ ಹನ್ನೆರಡನೆಯ ತರಗತಿಯ ಕನ್ನಡಿಗರ ಮಕ್ಕಳಿಗೆ ಸಂಜೆಯ ಹೊತ್ತು ಗಣಿತ ಹೇಳಿಕೊಡುವಾಗ ನಾನು ಮತ್ತೆ ಮತ್ತೆ ತಿದ್ದುವ ತಪ್ಪೆಂದರೆ ಕ್ರಾಸ್ ಗುಣಲಬ್ಧದಲ್ಲಿ j ಪದದ ಚಿಹ್ನೆ. ವಿಸ್ತೀರ್ಣದ ಪ್ರಶ್ನೆಯಲ್ಲಿ ಈ ತಪ್ಪು ಕಣ್ಣಿಗೆ ಬೀಳದೆ ದಾಟಿಹೋಗುತ್ತದೆ, ಆದ್ದರಿಂದಲೇ ಅದು ಅಪಾಯಕಾರಿ.

A(1, 0, 2), B(3, 1, 3), C(2, 3, 1), D(2, −2, 4) ಎಂಬ ನಾಲ್ಕು ಬಿಂದುಗಳನ್ನು ತೆಗೆದುಕೊಳ್ಳೋಣ. ಮೊದಲು ಎಲ್ಲ ಬಿಂದುಗಳಿಂದಲೂ A ಯನ್ನು ಕಳೆಯಬೇಕು: AB = (2, 1, 1), AC = (1, 3, −1), AD = (1, −2, 2).

A ಯಲ್ಲಿನ ಕೋನಕ್ಕೆ ಡಾಟ್ ಗುಣಲಬ್ಧ ಸಾಕು. AB·AC = 2 + 3 − 1 = 4, ಉದ್ದಗಳು √6 ಮತ್ತು √11. ಆದ್ದರಿಂದ cos θ = 4/√66, ಕೋನ ಸುಮಾರು 60.5°. ಕೋನವನ್ನು ಕ್ರಾಸ್ ಗುಣಲಬ್ಧದ sin ಸೂತ್ರದಿಂದ ತೆಗೆಯಲೇಬೇಡಿ. 60° ಗೂ 120° ಗೂ sin ಒಂದೇ ಆಗಿರುವುದರಿಂದ ಕೋನ ಲಘುವೋ ವಿಶಾಲವೋ ಎಂದು ಅದು ಹೇಳಲಾರದು. ಅಂಗಡಿಯಲ್ಲಿ ಸಿಗುವ ಲ್ಯಾಮಿನೇಟ್ ಮಾಡಿದ ಸೂತ್ರಪಟ್ಟಿಯೊಂದರಲ್ಲಿ ಈ ಎಚ್ಚರಿಕೆಯೇ ಇಲ್ಲದ್ದನ್ನು ಕಂಡ ಮೇಲೆ ಅಂಥ ಪಟ್ಟಿಯನ್ನು ಕೊಳ್ಳಬೇಡಿರೆಂದು ನಾನು ಮಕ್ಕಳಿಗೆ ಹೇಳುತ್ತೇನೆ.

ಈಗ ಕಷ್ಟದ ಹಂತ, AB × AC ಎಂಬ ಕ್ರಾಸ್ ಗುಣಲಬ್ಧ. ಅದರ ಡಿಟರ್ಮಿನೆಂಟನ್ನು ಬಿಡಿಸುವಾಗ ಕಾಗದದ ಮೇಲೆ ಮೊದಲು ಮೂರು ಖಾಲಿ ಆವರಣಗಳನ್ನೂ ಅವುಗಳ ಮುಂದಿನ ಚಿಹ್ನೆಗಳನ್ನೂ ಬರೆದುಕೊಂಡು, ಅನಂತರವೇ ಅಂಕಿಗಳನ್ನು ತುಂಬಬೇಕು.

```
i(1·(−1) − 1·3) − j(2·(−1) − 1·1) + k(2·3 − 1·1)
= −4i + 3j + 5k
```

ನಡುವಿನ ಆವರಣದ ಒಳಗೆ −3 ಬರುತ್ತದೆ, ಹೊರಗಿನ ಋಣಚಿಹ್ನೆ ಅದನ್ನು +3 ಮಾಡುತ್ತದೆ. ಬೆರಳಿನಿಂದ ಕಂಬಸಾಲನ್ನು ಮುಚ್ಚಿ ಬಾಯಿಲೆಕ್ಕದಲ್ಲಿ ಬರೆಯುವವರು ಬಿಟ್ಟುಬಿಡುವುದು ಈ ಹೊರಗಿನ ಚಿಹ್ನೆಯನ್ನೇ.

ಬಂದ ಉತ್ತರವನ್ನು AB, AC ಎರಡರೊಡನೆಯೂ ಡಾಟ್ ಮಾಡಿ ನೋಡಬೇಕು, ಏಕೆಂದರೆ ಕ್ರಾಸ್ ಗುಣಲಬ್ಧ ಎರಡಕ್ಕೂ ಲಂಬವಾಗಿರಲೇಬೇಕು. −8 + 3 + 5 = 0, −4 + 9 − 5 = 0. ಚಿಹ್ನೆ ತಪ್ಪಿ −3j ಎಂದು ಬರೆದಿದ್ದರೆ AB ಯೊಡನೆ −8 − 3 + 5 = −6 ಬಂದು ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಇದಕ್ಕೆ ಅರ್ಧ ನಿಮಿಷವೂ ಹಿಡಿಯದು.

ತ್ರಿಭುಜದ ವಿಸ್ತೀರ್ಣ ಕ್ರಾಸ್ ಗುಣಲಬ್ಧದ ಉದ್ದದ ಅರ್ಧ: √(16 + 9 + 25) = 5√2, ಅರ್ಧ ಮಾಡಿದರೆ 5√2/2 ಚದರ ಮಾನ. ವರ್ಗ ಮಾಡಿದಾಗ +3 ಕ್ಕೂ −3 ಕ್ಕೂ 9 ಬರುವುದರಿಂದ, ಚಿಹ್ನೆ ತಪ್ಪಿದವರಿಗೂ ಇಲ್ಲಿ ಸರಿಯುತ್ತರವೇ ಸಿಗುತ್ತದೆ.

ನಾಲ್ಕು ಬಿಂದುಗಳು ಒಂದೇ ಸಮತಲದಲ್ಲಿವೆಯೇ ಎಂದು ತಿಳಿಯಲು ಅದೇ ಕ್ರಾಸ್ ಗುಣಲಬ್ಧವನ್ನು AD ಯೊಡನೆ ಡಾಟ್ ಮಾಡಬೇಕು: −4 − 6 + 10 = 0, ಆದ್ದರಿಂದ ಅವು ಏಕತಲದಲ್ಲಿವೆ. ಇಲ್ಲಿ AD = AB − AC ಆಗಿರುವುದರಿಂದ ಸೊನ್ನೆ ಬರಲೇಬೇಕು. ವಿಸ್ತೀರ್ಣ ಸರಿ ಬಂತೆಂದು −3j ಯನ್ನೇ ನಂಬಿ ಮುಂದುವರಿದವರಿಗೆ ಮಾತ್ರ −4 + 6 + 10 = 12 ಬರುತ್ತದೆ, ಅವರು ಏಕತಲದಲ್ಲಿಲ್ಲ ಎಂದು ಬರೆದು ಬರುತ್ತಾರೆ.