ಕಟ್ಟೆ ಕತ್ತೆಯಾಗದ ಹಾಗೆ: ಹೆಸರಿನ ಸ್ಪೆಲಿಂಗ್ ಆರಿಸಿದ ನನ್ನ ಅನುಭವ

ಸಣ್ಣ ಅಂಗಡಿ, ಹೋಟೆಲುಗಳಿಗೆ ಹೆಸರು, ಬೋರ್ಡು ಮಾಡಿಕೊಡುವುದು ನನ್ನ ಕೆಲಸ. ಮೈಸೂರಿನಲ್ಲಿ ಕಾಫಿ ಅಂಗಡಿ ತೆರೆಯುತ್ತಿದ್ದ ಒಬ್ಬರಿಗೆ 'ಕಟ್ಟೆ' ಅನ್ನುವ ಹೆಸರೇ ಬೇಕಿತ್ತು. ಇನ್‌ಸ್ಟಾಗ್ರಾಮಿನಲ್ಲಿ katte ಖಾಲಿ ಇರಲಿಲ್ಲ. ಅವರ ಮಗ ಮೂರು ಹೆಸರು ಬರೆದುಕೊಂಡು ಬಂದ: KTTE, KATTTE, K8E. "ಈಗ ಎಲ್ಲರೂ ಹೀಗೇ ಇಡ್ತಾರೆ ಸರ್" ಅಂದ.

ನಾನು ಮೊದಲು ಕೇಳುವುದು ಒಂದೇ: ಜನಕ್ಕೆ ಈ ಹೆಸರು ಮೊದಲು ಸಿಗುವುದು ಕಣ್ಣಿಗೋ, ಕಿವಿಗೋ? ಬೋರ್ಡು ನೋಡಿ ಬರುವವರು ಅದನ್ನು ಓದಿ ಹೇಳಬೇಕು. ಸ್ನೇಹಿತರ ಬಾಯಲ್ಲಿ ಕೇಳಿದವರು ಟೈಪ್ ಮಾಡಿ ಹುಡುಕಬೇಕು. ಒಂದಕ್ಕೆ ಅನುಕೂಲವಾದ ಸ್ಪೆಲಿಂಗ್ ಎಷ್ಟೋ ಸಲ ಇನ್ನೊಂದಕ್ಕೆ ತೊಡಕು.

ಸ್ವರ ತೆಗೆಯುವ ಹುಚ್ಚು ಇಂಗ್ಲಿಷಿನಿಂದ ಬಂದದ್ದು. 2004ರ ಫೋಟೋ ತಾಣ Flickr ಹೆಸರು ಕೆಲಸ ಮಾಡಿತು, ಯಾಕೆಂದರೆ ಅಲ್ಲಿ ಬಿಟ್ಟದ್ದು ಕೊನೆಯ r ಮುಂದಿನ e ಮಾತ್ರ. ಮಾತಿನಲ್ಲಿ ಅದು ಹೇಗೂ ಅರ್ಧ ನುಂಗಿ ಹೋಗುತ್ತದೆ. Tumblr ಕತೆಯೂ ಅದೇ. ಒತ್ತಿ ಹೇಳುವ ಸ್ವರ ತೆಗೆದರೆ ಹೀಗೆ ಆಗುವುದಿಲ್ಲ. 2006ರಲ್ಲಿ twttr ಅಂತ ಶುರುವಾದದ್ದು ಬೇಗನೆ Twitter ಆಯಿತು. ಬ್ರಿಟನ್ನಿನ ಸ್ಟ್ಯಾಂಡರ್ಡ್ ಲೈಫ್ ಅಬರ್ಡೀನ್ ಕಂಪನಿ 2021ರಲ್ಲಿ abrdn ಆಗಿ, ಸಾಕಷ್ಟು ಗೇಲಿಗೆ ಒಳಗಾಗಿ, 2025ರಲ್ಲಿ ಮತ್ತೆ ಸ್ವರಗಳನ್ನು ಸೇರಿಸಿಕೊಂಡಿತು.

ಕನ್ನಡದ ಹೆಸರಿಗಂತೂ ಇದು ಇನ್ನೂ ಕಷ್ಟ. ನಮ್ಮಲ್ಲಿ ಅರ್ಥ ನಿಂತಿರುವುದೇ ಸ್ವರದ ಮೇಲೆ. KL ಅಂತ ಬರೆದರೆ ಕಾಲು, ಕೋಲು, ಕಲ್ಲು, ಕೇಳು, ಏನು ಬೇಕಾದರೂ ಆಗಬಹುದು. KTTE ಬರೆದ ಚೀಟಿಯನ್ನು ಪಕ್ಕದ ಅಂಗಡಿಗಳಲ್ಲಿ ತೋರಿಸಿ, ಓದಿ ಅಂದೆ. ಹೆಚ್ಚಿನವರು 'ಕೆ ಟಿ ಟಿ ಇ' ಅಂತ ಒಂದೊಂದೇ ಅಕ್ಷರ ಓದಿದರು. ಹಾಗೆ ಬಿಡಿಬಿಡಿಯಾಗಿ ಓದಿದರೆ ಆ ಹೆಸರು ಅಲ್ಲಿಗೆ ಮುಗಿಯಿತು ಅಂತಲೇ ನನ್ನ ಲೆಕ್ಕ.

K8E ಇನ್ನೂ ತಮಾಷೆ. ಇಂಗ್ಲಿಷ್ ಬಲ್ಲವರು 'ಕೇಟ್' ಅಂದರು, ಉಳಿದವರು 'ಕೆ ಎಂಟು ಇ' ಅಂದರು. ಬೈಕಿನ ಮೇಲೆ 8055 ಬರೆದು BOSS ಅಂತ ಓದಿಸುತ್ತಾರಲ್ಲ, ಅದು ಕಣ್ಣಿಗಷ್ಟೇ ಆಟ. ಫೋನಿನಲ್ಲಿ ಹೇಳಿದರೆ ಬರೀ ನಂಬರು. ಹಾಗಂತ ಅಂಕಿಯೇ ಬೇಡ ಅನ್ನುವುದಿಲ್ಲ. MTR 1924 ನೋಡಿ. ಅಲ್ಲಿ ಅಂಕಿ ಅಂಕಿಯಾಗಿಯೇ ಇದೆ, ಶುರುವಾದ ವರ್ಷ ಹೇಳುತ್ತದೆ. ಅಕ್ಷರದ ಜಾಗದಲ್ಲಿ ಕೂರಿಸಿದ ಅಂಕಿಯನ್ನು ಪ್ರತಿ ಸಲ 'ನಂಬರ್ ಎಂಟು' ಅಂತ ಬಿಡಿಸಿ ಹೇಳಬೇಕು.

ಉಳಿದದ್ದು ಒತ್ತಕ್ಷರ. ಇಲ್ಲಿ ಜಾಸ್ತಿ ಹೊತ್ತು ಹಿಡಿಯಿತು. ಎರಡು t ಬೇಕೇ ಬೇಕು, ಒಂದೇ ಹಾಕಿದರೆ kate ಆಗಿ 'ಕತೆ' ಅಂತಲೋ 'ಕೇಟ್' ಅಂತಲೋ ಓದುತ್ತಾರೆ. ಆದರೆ ಎರಡು t ಹಾಕಿದರೂ ಅದು ಟ್ಟ ಆಗಬಹುದು, ತ್ತ ಆಗಬಹುದು. katte ನೋಡಿದ ಒಬ್ಬರು 'ಕತ್ತೆ' ಅಂತ ಓದಿ ನಕ್ಕೇ ಬಿಟ್ಟರು. ಮೂರನೇ t ಸೇರಿಸಿದರೆ ಇದೇನೂ ಸರಿಹೋಗುವುದಿಲ್ಲ, ಎಷ್ಟು t ಇತ್ತು ಅನ್ನುವ ಅನುಮಾನ ಮಾತ್ರ ಹೊಸದಾಗಿ ಬರುತ್ತದೆ.

ಹಾಗಾಗಿ ಸ್ಪೆಲಿಂಗ್ ಬಿಟ್ಟು ಮುಂದೆ ಒಂದು ಪದ ಸೇರಿಸೋಣ ಅಂದೆ: ಅರಳಿಕಟ್ಟೆ, aralikatte. 'ಅರಳಿಕತ್ತೆ' ಅಂತ ಯಾರೂ ಓದುವುದಿಲ್ಲ, ಅಲ್ವಾ? ಅಕ್ಷರಕ್ಕೆ ತೀರಿಸಲಾಗದ ಅನುಮಾನವನ್ನು ಜೊತೆಯ ಪದ ತೀರಿಸಿತು. ಹೆಸರು ಉದ್ದವಾಯಿತು ಅಂತ ಮಗನಿಗೆ ಬೇಸರವೇ. ಪದ ಸೇರಿಸುವಾಗ ಸಂಧಿಯ ಜಾಗ ಮಾತ್ರ ನೋಡಿಕೊಳ್ಳಬೇಕು. 'ನಮ್ಮ' ಮತ್ತು 'ಅಕ್ಕಿ' ಸೇರಿಸಿದರೆ nammaakki ಬರೆಯುವವರೂ ಇದ್ದಾರೆ, nammakki ಬರೆಯುವವರೂ ಇದ್ದಾರೆ. 'ಅರಳಿ'ಯ ಇ ಮತ್ತು ಕ ನಡುವೆ ಆ ತೊಂದರೆ ಇಲ್ಲ.

ಆಮೇಲೆ ಕಿವಿಯ ಪರೀಕ್ಷೆ. ಫೋನಿನಲ್ಲಿ ಹೆಸರು ಒಂದೇ ಸಲ ಹೇಳಿ, ಸ್ಪೆಲಿಂಗ್ ಹೇಳದೆ, ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿ ಅನ್ನುತ್ತೇನೆ. ಒಂದು ವಾರ ಬಿಟ್ಟು, ಆ ಕಾಫಿ ಅಂಗಡಿ ಹೆಸರೇನು ಅಂತ ಅವರನ್ನೇ ಮತ್ತೆ ಕೇಳುತ್ತೇನೆ. ತಪ್ಪುಗಳು ಹತ್ತು ತರ ಚದುರಿದರೆ ಹೆಸರು ಬಿಡುವುದೇ ವಾಸಿ. ಒಂದೆರಡು ಕಡೆ ಗುಂಪಾದರೆ ಚಿಂತೆಯಿಲ್ಲ, ಆ ಸ್ಪೆಲಿಂಗುಗಳನ್ನೂ ಕೊಂಡುಬಿಡಬಹುದು. ಇಲ್ಲಿ ತಪ್ಪಿದವರೆಲ್ಲ ಹೆಚ್ಚುಕಡಿಮೆ aralikate ಅಂತಲೇ ಬರೆದಿದ್ದರು. ಆ ಡೊಮೇನನ್ನೂ ತೆಗೆದುಕೊಂಡು ಸರಿಯಾದ ಹೆಸರಿಗೆ ತಿರುಗಿಸಿದೆವು.

ಬೋರ್ಡಿನಲ್ಲಿ ಈಗ ಶೇ. 60ರಷ್ಟು ಕನ್ನಡ ಇರಬೇಕೆಂಬ ನಿಯಮವಿದೆ, ಅದರಿಂದ ನಮಗೆ ಒಳ್ಳೆಯದೇ ಆಯಿತು. 'ಅರಳಿಕಟ್ಟೆ' ದೊಡ್ಡದಾಗಿ ಕನ್ನಡದಲ್ಲಿದೆ, ಇಂಗ್ಲಿಷ್ ಕೆಳಗೆ ಸಣ್ಣದಾಗಿದೆ. ಕನ್ನಡ ಓದಲು ಬಾರದವರು ಈಗಲೂ 'ಅರಾಲಿ' ಅನ್ನುತ್ತಾರೆ. araḷi ತರದ ಚಿಹ್ನೆ ಹಾಕೋಣವಾ ಅಂತ ಮಗ ಕೇಳಿದ. ಬೇಡ ಅಂದೆ: ಅವರು 'ಅರಾಲಿ' ಅಂದುಕೊಂಡೇ ಟೈಪ್ ಮಾಡಿದರೂ aralikatte ಅಂತಲೇ ಬರುತ್ತದೆ.