ಭುಜ ಅಗಲ, ಮೈ ಉದ್ದ: ಬ್ರಿಟನ್ನಿಗೆ ಹೊರಟವರು ಅಂಗಿ ಕೊಳ್ಳುವ ಬಗೆ

ರಜೆಗೆ ಬೆಳಗಾವಿಗೆ ಬಂದಾಗಲೆಲ್ಲ ಬ್ರಿಟನ್ನಿಗೆ ಹೊರಟಿರುವ ಹುಡುಗರು ಒಂದಿಬ್ಬರು ಸಿಕ್ಕೇ ಸಿಗುತ್ತಾರೆ. ಬಾಗಲಕೋಟೆ, ವಿಜಯಪುರ ಕಡೆಯವರೂ ಇರುತ್ತಾರೆ. ವೀಸಾ, ಬಾಡಿಗೆ ಮನೆ, ಚಳಿಗೆ ಜಾಕೆಟ್, ಎಲ್ಲಾ ಕೇಳುತ್ತಾರೆ. ಅಂಗಿ ಅಳತೆ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಊರಲ್ಲಿ ಅದು ಯೋಚಿಸುವ ವಿಷಯವೇ ಅಲ್ಲ. ಖಡೇಬಜಾರಿನಲ್ಲಿ ಬಟ್ಟೆ ತಗೊಂಡು ಟೇಲರ್ ಮುಂದೆ ನಿಂತರೆ ಆಯಿತು, ಅವರು ನಿಮ್ಮ ಮೈ ನೋಡಿ ಕತ್ತರಿಸುತ್ತಾರೆ. ಅಲ್ಲಿ ಹಾಗಲ್ಲ. ಹೊಲಿಸುವುದು ತುಂಬಾ ದುಬಾರಿ, ಹಾಗಾಗಿ ರೆಡಿಮೇಡ್ ಬಿಟ್ಟರೆ ಗತಿಯಿಲ್ಲ. ಭುಜ ಅಗಲ ಇರುವವರು, ಸೊಂಟದ ಮೇಲಿನ ಮೈ ಉದ್ದ ಇರುವವರು ಮೊದಲ ಅಂಗಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಏಕೆ ಹೀಗಾಗುತ್ತದೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಅಲ್ಲಿನ ಸೈಜ್ ಚಾರ್ಟ್ ಸಾಮಾನ್ಯವಾಗಿ ಕೇಳುವುದು ಎದೆ, ಸೊಂಟ, ಹೆಚ್ಚೆಂದರೆ ಕುತ್ತಿಗೆಯ ಸುತ್ತಳತೆ. ಭುಜದ ಅಗಲ ಎಷ್ಟು, ಮೈಯ ಉದ್ದ ಎಷ್ಟು ಅಂತ ಕೇಳುವುದೇ ಅಪರೂಪ. ಎದೆ ಇಷ್ಟಿದ್ದರೆ ಭುಜ ಇಷ್ಟಿರುತ್ತದೆ ಅಂತ ಅಂದಾಜು ಹಿಡಿದು ಅಂಗಿ ಕತ್ತರಿಸಿರುತ್ತಾರೆ. ಒಂದು ಸೈಜಿನಿಂದ ಮುಂದಿನ ಸೈಜಿಗೆ ಹೋದರೆ ಎದೆಯ ಸುತ್ತಳತೆ ಸುಮಾರು ನಾಲ್ಕು ಇಂಚು ಹೆಚ್ಚುತ್ತದೆ, ಭುಜ ಮಾತ್ರ ಮುಕ್ಕಾಲು ಇಂಚಿನ ಆಸುಪಾಸು. ಭುಜಕ್ಕೆ ಒಂದು ಇಂಚು ಬೇಕು ಅಂತ ದೊಡ್ಡ ಸೈಜ್ ತಗೊಂಡರೆ ಹೊಟ್ಟೆಯ ಹತ್ತಿರ ನಾಲ್ಕೈದು ಇಂಚು ಬಟ್ಟೆ ಸುಮ್ನೆ ಜೋಲಾಡುತ್ತದೆ. ಉದ್ದವಂತೂ ಅರ್ಧ ಇಂಚು ಹೆಚ್ಚಾದರೆ ಹೆಚ್ಚು.

ನನ್ನ ಅಕ್ಕನ ಮಗ ಜಮಖಂಡಿಯವನು. ಚಿಕ್ಕಂದಿನಿಂದ ಗರಡಿಮನೆಗೆ ಹೋದವನು. ಐದು ಅಡಿ ಒಂಬತ್ತು ಇಂಚು ಎತ್ತರ. ಕಾಲು ಅಷ್ಟೇನೂ ಉದ್ದ ಇಲ್ಲ, ಮೈ ಉದ್ದ. ಅಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಾರ್ಟ್ ನೋಡಿ ಆನ್‌ಲೈನಲ್ಲಿ ಎಂ ಸೈಜಿನ ಅಂಗಿ ತರಿಸಿದ. ಎದೆ ನಲವತ್ತು ಇಂಚು, ಚಾರ್ಟಿನಲ್ಲಿ ಎಂ ಅಂದರೆ 38ರಿಂದ 40. ಆಮೇಲೆ ಫೋನು ಬಂತು. "ಮಾಮಾ, ಎದಿ ಬರೋಬ್ಬರಿ ಐತಿ. ಭುಜಾ ಹಿಡೀತೈತಿ. ಕೈ ಎತ್ತಿದ್ರ ಅಂಗಿ ಪ್ಯಾಂಟಿನ್ಯಾಗಿಂದ ಹೊರಗ ಬರ್ತೈತಿ."

ಹಾಕಿಕೊಂಡೇ ವಿಡಿಯೋ ಕಾಲ್ ಮಾಡು ಅಂದೆ. ನೋಡಿದ ಕೂಡಲೇ ಗೊತ್ತಾಯಿತು. ತೋಳು ಜೋಡಿಸಿದ ಹೊಲಿಗೆ ಭುಜದ ಮೂಳೆಯ ತುದಿಯ ಮೇಲೆ ಕೂರಬೇಕು. ಅವನಿಗೆ ಅದು ಕುತ್ತಿಗೆ ಕಡೆಗೆ ಒಂದು ಬೆರಳು ಒಳಗೆ ಸರಿದಿತ್ತು. ಕೈ ಮುಂದೆ ಚಾಚು ಅಂದರೆ ಬೆನ್ನ ಮೇಲೆ ಈ ರೆಟ್ಟೆಯಿಂದ ಆ ರೆಟ್ಟೆಗೆ ಅಡ್ಡಗೆರೆ ಎಳೆದಂತೆ ಬಟ್ಟೆ ಬಿಗಿಯುತ್ತಿತ್ತು. ಎದೆಯ ಗುಂಡಿಗಳೂ ಬಾಯಿ ಬಿಡುತ್ತಿದ್ದವು. ಎದೆ ಸಾಲುತ್ತಿಲ್ಲ ಅಂತ ಎಲ್ಲರೂ ಅಂದುಕೊಳ್ಳುವುದು ಇಲ್ಲೇ. ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಗುಂಡಿ ಸರಿಯಾಗಿದ್ದು, ಕೈ ಚಾಚಿದಾಗ ಮಾತ್ರ ಎಳೆದರೆ ಕೊರತೆ ಇರುವುದು ಭುಜ ಮತ್ತು ಬೆನ್ನಿನ ಅಗಲದಲ್ಲಿ. ಭುಜ ತೀರಾ ದೊಡ್ಡದಾಗಿದ್ದರೆ ಇದರ ಉಲ್ಟಾ: ಹೊಲಿಗೆ ತೋಳಿನ ಮೇಲೆ ಇಳಿದು, ಅದರ ಕೆಳಗೆ ಬಟ್ಟೆ ಗುಳಿ ಬೀಳುತ್ತದೆ.

ಊರಿನ ಟೇಲರ್ ಹೊಲಿದ ಅಂಗಿ ಅವನ ಹತ್ತಿರ ಒಂದಿತ್ತು. ಅದನ್ನು ಗುಂಡಿ ಹಾಕಿ, ಸುಕ್ಕಿಲ್ಲದಂತೆ ಮೇಜಿನ ಮೇಲೆ ಹರವಿ ಅಳೆಯಲಿಕ್ಕೆ ಹೇಳಿದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೇ. ನಿಮ್ಮ ಮೈ ಅಳೆಯುವುದಕ್ಕಿಂತ ನಿಮಗೆ ಚೆನ್ನಾಗಿ ಕೂರುವ ಅಂಗಿ ಅಳೆಯಿರಿ. ಮೈಯ ಅಳತೆ ತೆಗೆಯುವಾಗ ಉಸಿರು, ನಿಲುವು, ಟೇಪಿನ ಬಿಗಿ ಎಲ್ಲಾ ಲೆಕ್ಕ ತಪ್ಪಿಸುತ್ತವೆ. ಹರವಿದ ಅಂಗಿ ಅಲುಗಾಡುವುದಿಲ್ಲ.

ನಾಲ್ಕು ಅಳತೆ ಸಾಕು. ಬೆನ್ನಿನ ಕಡೆ ಒಂದು ತೋಳಿನ ಹೊಲಿಗೆಯಿಂದ ಇನ್ನೊಂದಕ್ಕೆ ನೇರವಾಗಿ ಭುಜದ ಅಗಲ. ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದಕ್ಕೆ ಎದೆ, ಅದನ್ನು ಎರಡರಷ್ಟು ಮಾಡಿ. ಕಾಲರ್ ಪಕ್ಕದಲ್ಲಿ ಭುಜದ ಎತ್ತರದ ಜಾಗದಿಂದ ಕೆಳಗಿನ ಅಂಚಿನವರೆಗೆ ಉದ್ದ. ಭುಜದ ಹೊಲಿಗೆಯಿಂದ ಕಫ್ ತುದಿಯವರೆಗೆ ತೋಳು. ಅವನಿಗೆ ಬಂದದ್ದು ಭುಜ 19, ಎದೆ 45, ಉದ್ದ 31½, ತೋಳು 24½. ವಾಪಸ್ ಹೋಗಬೇಕಿದ್ದ ಎಂ ಸೈಜಿನ ಅಂಗಿಯನ್ನೂ ಹಾಗೇ ಅಳೆದ. ಭುಜ 18, ಉದ್ದ 29½. ಒಂದು ಇಂಚು ಅಲ್ಲಿ, ಎರಡು ಇಂಚು ಇಲ್ಲಿ. ಅವನು ಹೇಳಿದ ಎರಡೂ ತಕರಾರು ಅಳತೆಯಲ್ಲೇ ಕಂಡವು.

ಚಾರ್ಟ್ ನೋಡುವಾಗ ಮೊದಲು ಗಮನಿಸಬೇಕಾದ್ದು, ಅದು ಮೈಯ ಅಳತೆಯೋ ಬಟ್ಟೆಯ ಅಳತೆಯೋ ಅನ್ನುವುದು. `Body measurements` ಅಂತ ಇದ್ದರೆ ಮೈಯದು. `Garment measurements` ಅಂತ ಇದ್ದರೆ ಬಟ್ಟೆಯದು. ಎರಡಕ್ಕೂ ಎದೆಯಲ್ಲಿ ನಾಲ್ಕೈದು ಇಂಚಿನ ಸಡಿಲಿನ ವ್ಯತ್ಯಾಸ ಇರುತ್ತದೆ. ನಲವತ್ತರ ಎದೆಯವರು ಬಟ್ಟೆಯ ಚಾರ್ಟಿನಲ್ಲಿ ನಲವತ್ತನ್ನೇ ಹುಡುಕಿದರೆ ಉಸಿರಾಡಲಿಕ್ಕೂ ಜಾಗ ಇರುವುದಿಲ್ಲ. ಬಟ್ಟೆಯ ಅಳತೆ ಕೊಡುವ ಅಂಗಡಿಗಳನ್ನೇ ಹುಡುಕಿ. ಚಾರ್ಟಿನಲ್ಲಿ ಭುಜದ ಅಳತೆ ಇಲ್ಲದಿದ್ದರೆ ಅಂಗಡಿಯವರಿಗೆ ಬರೆದು ಕೇಳಿ. ಕೆಲವರು ಅಳೆದು ಹೇಳುತ್ತಾರೆ.

ತೋಳಿನ ಅಳತೆಯಲ್ಲಿ ನಮ್ಮವರು ಬಹಳ ಜನ ಎಡವುತ್ತಾರೆ. ನಮ್ಮ ಟೇಲರ್ ತೋಳನ್ನು ಭುಜದ ಹೊಲಿಗೆಯಿಂದ ಅಳೆಯುತ್ತಾರೆ. ಅಲ್ಲಿ ಫಾರ್ಮಲ್ ಅಂಗಿಯ ತೋಳನ್ನು ಕುತ್ತಿಗೆಯ ಹಿಂಭಾಗದ ನಟ್ಟನಡುವಿನಿಂದ, ಭುಜದ ಮೇಲೆ ಹಾಯಿಸಿ, ಮಣಿಕಟ್ಟಿನವರೆಗೆ ಅಳೆಯುತ್ತಾರೆ. ಅದಕ್ಕೇ ಅಲ್ಲಿ ತೋಳು 33, 34, 35 ಅಂತ ಬರೆದಿರುತ್ತದೆ. ಲೆಕ್ಕ ಸುಲಭ: ಭುಜದ ಅಗಲದ ಅರ್ಧಕ್ಕೆ ನಮ್ಮ ತೋಳಿನ ಅಳತೆ ಕೂಡಿಸಿ. ಅವನಿಗೆ 9½ ಮತ್ತು 24½, ಒಟ್ಟು 34. ಭುಜ ಅಗಲ ಇರುವವರಿಗೆ ಇದು ಇನ್ನೂ ಮುಖ್ಯ. ತೋಳಿನ ಸೈಜ್ 34 ಅಂತ ಬರೆದಿದ್ದರೂ ಆ ಅಂಗಿಯ ಭುಜ 18 ಇದ್ದರೆ, ಹಾಕಿಕೊಂಡಾಗ ಭುಜವೇ ತೋಳಿನಿಂದ ಬಟ್ಟೆ ಎಳೆದುಕೊಳ್ಳುತ್ತದೆ, ಕಫ್ ಮೇಲೇರುತ್ತದೆ.

ಉದ್ದಕ್ಕೆ `Tall` ಅನ್ನುವ ಸಾಲು ಹಲವು ಅಂಗಡಿಗಳಲ್ಲಿ ಇದೆ. ಅದೇ ಎದೆಗೆ ಮೈಯಲ್ಲಿ ಸಾಮಾನ್ಯವಾಗಿ ಎರಡು ಇಂಚು ಜಾಸ್ತಿ ಕೊಡುತ್ತಾರೆ. ಆದರೆ ತೋಳನ್ನೂ ಒಂದು, ಒಂದೂವರೆ ಇಂಚು ಬೆಳೆಸಿರುತ್ತಾರೆ, ಏಕೆಂದರೆ ಅದು ಮೈ ಮಾತ್ರ ಉದ್ದ ಇರುವವರಿಗಲ್ಲ, ಇಡೀ ಆಳೇ ಎತ್ತರ ಇರುವವರಿಗೆ ಮಾಡಿದ್ದು. ಅವನು ನೋಡಿದ ಎಲ್ ಸೈಜಿನ ಉದ್ದದ ಅಂಗಿಯ ತೋಳು 36½. ಎರಡೂವರೆ ಇಂಚು ತೆಗೆಯಬೇಕು. ಕಫ್ ಬಿಚ್ಚಿ ಮೇಲೆ ಕೂರಿಸಿದರೆ ಒಂದು ಇಂಚು ಚೆನ್ನಾಗಿ ಬರುತ್ತದೆ. ಅದಕ್ಕಿಂತ ಹೆಚ್ಚಾದರೆ ಕಫ್ ಮೇಲಿನ ಸೀಳು ಗಿಡ್ಡವಾಗಿ, ತೋಳು ಮಡಚಲಿಕ್ಕೇ ಆಗುವುದಿಲ್ಲ. ಅದನ್ನು ಬೇಡ ಅಂದೆ.

ಕೊನೆಗೆ ಎಂ, ಎಲ್ ಅನ್ನುವುದನ್ನೇ ಬಿಟ್ಟು, ಕಾಲರ್ ಮತ್ತು ತೋಳು ಎರಡೂ ಬೇರೆ ಬೇರೆ ಆರಿಸಿಕೊಳ್ಳುವಂಥ ಫಾರ್ಮಲ್ ಅಂಗಿಗಳ ಕಡೆ ಹೋದೆವು. ಪ್ಯಾಂಟಿನೊಳಗೆ ಸೇರಿಸಲಿಕ್ಕೆ ಅಂತಲೇ ಮಾಡಿದ್ದರಿಂದ ಇವು ಮೊದಲೇ ಉದ್ದ ಇರುತ್ತವೆ. ಕಾಲರ್ 16, ತೋಳು 34, ಕ್ಲಾಸಿಕ್ ಫಿಟ್. ಆ ಅಂಗಿಯ ಭುಜ 19, ಉದ್ದ 32, ಎದೆ 46, ಸೊಂಟದಲ್ಲಿ 43. ಸ್ಲಿಮ್ ಫಿಟ್ ತಗೋಬೇಡ ಅಂದಿದ್ದೆ. ಸ್ಲಿಮ್‌ನಲ್ಲಿ ಸೊಂಟದ ಜೊತೆ ಹಲವು ಸಲ ಬೆನ್ನು, ಕಂಕುಳು ಕೂಡ ಕಿರಿದು ಮಾಡಿರುತ್ತಾರೆ.

ಅವನ ಸೊಂಟ 34, ಬಟ್ಟೆ 43. ಒಂಬತ್ತು ಇಂಚು ಸಡಿಲ, ಅದು ಜಾಸ್ತಿಯೇ. ಆದರೆ ಈ ಜಾಸ್ತಿಯನ್ನು ತೆಗೆಯುವುದು ಆಲ್ಟರ್ ಅಂಗಡಿಯವರಿಗೆ ಅತಿ ಸುಲಭದ ಕೆಲಸ. ಎರಡೂ ಸೈಡ್ ಹೊಲಿಗೆಯನ್ನು ಒಂದೊಂದು ಇಂಚು ಒಳಗೆ ಹಿಡಿದರೆ, ಮುಂದಿನ ಬಟ್ಟೆ ಹಿಂದಿನ ಬಟ್ಟೆ ಎರಡೂ ಸೇರಿ ಸುತ್ತಳತೆಯಲ್ಲಿ ನಾಲ್ಕು ಇಂಚು ಹೋಗುತ್ತದೆ. 39 ಉಳಿಯಿತು. ಕಂಕುಳಿನ ಹತ್ತಿರ ಮುಟ್ಟಬೇಡಿ, ಅಲ್ಲಿಂದ ನಾಲ್ಕು ಬೆರಳು ಕೆಳಗೆ ಶುರು ಮಾಡಿ ಅಂತ ಹೇಳಲಿಕ್ಕೆ ಹೇಳಿದ್ದೆ. ಹಾಗೇ ಮಾಡಿಕೊಟ್ಟರು. ಈಗ ಅವನು ಅದೇ ಅಳತೆಯ ಅಂಗಿಗಳನ್ನೇ ತರಿಸುತ್ತಾನೆ.

ಹಾಗಾಗಿ ಭುಜ ಮತ್ತು ಉದ್ದ ನೋಡಿ ಕೊಳ್ಳಿ, ಸೊಂಟವನ್ನು ಹೊಲಿಗೆಯಲ್ಲಿ ಸರಿ ಮಾಡಿಸಿ. ಉಲ್ಟಾ ಆಗುವುದಿಲ್ಲ. ನಮ್ಮ ಟೇಲರ್ ಒಳಗೆ ಮಾರ್ಜಿನ್ ಬಿಟ್ಟಿರುತ್ತಾರೆ, ದಪ್ಪ ಆದರೆ ಬಿಚ್ಚಬಹುದು. ರೆಡಿಮೇಡ್ ಅಂಗಿಯ ಹೊಲಿಗೆಯನ್ನು ತಿರುಗಿಸಿ ನೋಡಿ, ಬಟ್ಟೆ ಒಂದರೊಳಗೊಂದು ಮಡಿಸಿ ಎರಡು ಗೆರೆ ಹೊಡೆದಿರುತ್ತಾರೆ. ಬಿಚ್ಚಿದರೂ ಒಳಗೆ ಏನೂ ಸಿಗುವುದಿಲ್ಲ. ಕೆಳಗಿನ ಅಂಚಿನ ಮಡಿಕೆಯೂ ಕಾಲು ಇಂಚಿನಷ್ಟು ಮಾತ್ರ.

ಬ್ಲೇಜರ್‌ನಲ್ಲಿ ಈ ಮಾತು ಇನ್ನೂ ಖಡಕ್. ಭುಜದೊಳಗೆ ಪ್ಯಾಡು, ಕ್ಯಾನ್ವಾಸು, ಲೈನಿಂಗು ಎಲ್ಲಾ ಇರುವುದರಿಂದ ಅದನ್ನು ಬದಲಿಸುವ ಕೂಲಿಗೆ ಇನ್ನೊಂದು ಬ್ಲೇಜರೇ ಬರಬಹುದು. ಅಲ್ಲಿ `40R`, `40L` ಅಂತ ಬರೆದಿರುತ್ತಾರೆ. ಅಂಕಿ ಎದೆಯ ಇಂಚು, ಅಕ್ಷರ ಉದ್ದ. ಮೈ ಉದ್ದದವರು ಎತ್ತರ ಕಡಿಮೆ ಇದ್ದರೂ `L` ಹಾಕಿ ನೋಡಿ. ಯುರೋಪಿನ ಸೈಜ್ ಆದರೆ ಹತ್ತು ಕೂಡಿಸಿ, 40ಕ್ಕೆ 50. ಸೂಟು ಜೋಡಿಯಾಗಿ ಕೊಳ್ಳಬೇಡಿ. ಜೋಡಿಯಲ್ಲಿ ಪ್ಯಾಂಟಿನ ಸೊಂಟ ಎದೆಗಿಂತ ಸಾಮಾನ್ಯವಾಗಿ ಆರು ಇಂಚು ಕಡಿಮೆ ಇರುತ್ತದೆ. ಭುಜಕ್ಕೆ 42 ತಗೊಂಡರೆ 36ರ ಪ್ಯಾಂಟು ಬರುತ್ತದೆ. ಕೋಟು, ಪ್ಯಾಂಟು ಬೇರೆ ಬೇರೆ ಸೈಜಿನಲ್ಲಿ ಮಾರುವ ಕಡೆ ಹೋಗಿ.

ಅಂಗಿ ಹೊರಗೆ ಬರುವುದಕ್ಕೆ ಪ್ಯಾಂಟೂ ಕಾರಣ ಇರಬಹುದು. ಸೊಂಟಕ್ಕಿಂತ ಕೆಳಗೆ ಕೂರುವ ಪ್ಯಾಂಟಾದರೆ ಮೈ ಉದ್ದದವರಿಗೆ 32ರ ಅಂಗಿಯೂ ಸಾಲದು. ಸ್ವಲ್ಪ ಮೇಲೆ ಕೂರುವುದನ್ನು ಆರಿಸಿ.

ಹೆಣ್ಣುಮಕ್ಕಳಿಗೆ ಇದೇ ತೊಂದರೆ ಬೇರೆ ಕಡೆ ಕಾಣುತ್ತದೆ. ಡ್ರೆಸ್ಸಿನ ಸೊಂಟದ ಹೊಲಿಗೆ ನಿಜವಾದ ಸೊಂಟಕ್ಕಿಂತ ಮೇಲೆ, ಪಕ್ಕೆಲುಬಿನ ಹತ್ತಿರ ಬಂದು ನಿಲ್ಲುತ್ತದೆ. ಇದನ್ನು ಆಲ್ಟರ್ ಮಾಡಲಿಕ್ಕೆ ಬರುವುದಿಲ್ಲ. `Tall` ಸಾಲಿನ ಟಾಪ್, ಮಾಮೂಲಿ ಸಾಲಿನ ಪ್ಯಾಂಟು ಸೇರಿಸಿ ಹಾಕಿಕೊಳ್ಳುವುದೇ ಒಳ್ಳೆಯದು. ಭುಜ ಅಗಲ ಇರುವವರಿಗೆ ಸ್ವೆಟರ್, ಟಾಪ್‌ಗಳಲ್ಲಿ ರ್ಯಾಗ್ಲನ್ ತೋಳು ಅನುಕೂಲ. ಅದರ ಹೊಲಿಗೆ ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಹೋಗುತ್ತದೆ, ಭುಜದ ತುದಿಯಲ್ಲಿ ಹಿಡಿಯುವ ಹೊಲಿಗೆಯೇ ಇರುವುದಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸ ಬೇಕಿದ್ದರೆ ಇಲ್ಲೇ ಹೊಲಿಸಿಕೊಂಡು, ಒಳಗೆ ಜಾಸ್ತಿ ಮಾರ್ಜಿನ್ ಬಿಡಿಸಿಕೊಂಡು ಹೋಗಿ.

ಅಳತೆ ಎಷ್ಟೇ ನೋಡಿದರೂ ಒಮ್ಮೊಮ್ಮೆ ವಾಪಸ್ ಮಾಡಬೇಕಾಗುತ್ತದೆ. ಬ್ರಿಟನ್ನಿನಲ್ಲಿ 2013ರ ನಿಯಮದ ಪ್ರಕಾರ ಆನ್‌ಲೈನಲ್ಲಿ ಕೊಂಡ ಬಟ್ಟೆಯನ್ನು ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೆ ಬೇಡ ಅನ್ನಬಹುದು. ಹಾಗೆ ತಿಳಿಸಿದ ಮೇಲೆ ಕಳಿಸಲಿಕ್ಕೆ ಮತ್ತೆ 14 ದಿನ. ವಾಪಸ್ ಕಳಿಸುವ ಖರ್ಚು ಮಾತ್ರ ನಿಮ್ಮ ಮೇಲೆ ಬೀಳಬಹುದು, ಮೊದಲೇ ಓದಿಕೊಳ್ಳಿ. ಅಂಗಡಿಗೆ ಹೋಗಿ ಕೊಂಡರೆ, ಸೈಜ್ ಆಗಲಿಲ್ಲ ಅನ್ನುವ ಕಾರಣಕ್ಕೆ ವಾಪಸ್ ಪಡೆಯುವ ಹಕ್ಕು ಕಾನೂನಿನಲ್ಲಿ ಇಲ್ಲ, ಅಂಗಡಿಯವರು ಒಪ್ಪಿದರೆ ಉಂಟು. ನಿಮ್ಮ ಅಳತೆಗೆ ಅಂತಲೇ ಹೊಲಿಸಿದ್ದಕ್ಕೂ ಈ 14 ದಿನ ಅನ್ವಯಿಸುವುದಿಲ್ಲ. ಆಲ್ಟರ್ ಮಾಡಿಸಿದ್ದನ್ನೂ ಯಾರೂ ವಾಪಸ್ ತಗೊಳ್ಳುವುದಿಲ್ಲ. ಹಾಗಾಗಿ ಬಂದ ದಿನವೇ ಮೇಜಿನ ಮೇಲೆ ಹರವಿ ಅಳೆಯಿರಿ. ಭುಜ, ಉದ್ದ ಎರಡೂ ಸರಿ ಬಂದರೆ ಮಾತ್ರ ಟ್ಯಾಗ್ ಕತ್ತರಿಸಿ.

ಹೊರಡುವ ಮೊದಲು ನಿಮ್ಮ ಟೇಲರ್ ಹತ್ತಿರ ಹೋಗಿ ನಾಲ್ಕೂ ಅಳತೆ ಬರೆಸಿಕೊಳ್ಳಿ, ಇಂಚಿನಲ್ಲೂ ಸೆಂಟಿಮೀಟರಿನಲ್ಲೂ. ಚಾರ್ಟ್ ಯಾವುದರಲ್ಲಿ ಇರುತ್ತದೋ ಹೇಳಲಿಕ್ಕಾಗುವುದಿಲ್ಲ. ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಚೆನ್ನಾಗಿ ಕೂರುವ ಒಂದು ಅಂಗಿಯನ್ನು, ಹಳೆಯದಾದರೂ ಪರವಾಗಿಲ್ಲ, ಅಳತೆಗೆ ಅಂತಲೇ ಬ್ಯಾಗಿನಲ್ಲಿ ಹಾಕಿಕೊಳ್ಳಿ. ಒಗೆದು ಒಗೆದು ಕುಗ್ಗಿರುವುದು ಮಾತ್ರ ಬೇಡ.